ಪ್ಲಾಸ್ಟಿಕ್ ಒಳಗೆ ಸಿಕ್ಕಿಕೊಂಡ ಡಿಗ್ರಿ, ಅಪೋಸ್ಟಿಲ್ ಮತ್ತು ನಾನು

ಕೊಡಗಿನ ಮಳೆಗಾಲ ಗೊತ್ತಲ್ವಾ? ಬೀರುವಿನಲ್ಲಿಟ್ಟ ಬಟ್ಟೆಗೂ ಬೂಷ್ಟು ಹಿಡಿಯುತ್ತದೆ. ಹಾಗಾಗಿ ನನ್ನ ಬಿ.ಎಸ್ಸಿ. ಡಿಗ್ರಿ ಸರ್ಟಿಫಿಕೇಟ್ ಬಂದ ವಾರವೇ ಅಪ್ಪ ವಿರಾಜಪೇಟೆಗೆ ಒಯ್ದು ಲ್ಯಾಮಿನೇಟ್ ಮಾಡಿಸಿದ್ದರು. ಇಟಲಿಯಲ್ಲಿ ಎಂ.ಎಸ್ಸಿ. ಸೀಟು ಸಿಕ್ಕಿ, ಅಲ್ಲಿಯವರು ಅಪೋಸ್ಟಿಲ್, ಅಂದರೆ ಕಾಗದದ ಸಹಿ-ಸೀಲ್ ನಿಜ ಎಂದು ಹೊರದೇಶಕ್ಕೆ ತೋರಿಸುವ ಸರ್ಕಾರಿ ದೃಢೀಕರಣ, ಕೇಳಿದಾಗ ಅದೇ ತೊಂದರೆಯಾಯಿತು.

ಬೆಂಗಳೂರಿನಲ್ಲಿ ಅಪೋಸ್ಟಿಲ್‌ಗೆ ಕಾಗದ ತೆಗೆದುಕೊಳ್ಳುವ ಏಜೆನ್ಸಿ ಕೌಂಟರಿನ ಹುಡುಗ ಸರ್ಟಿಫಿಕೇಟ್ ತಿರುಗಿಸಿ ನೋಡಿ ವಾಪಸ್ ಕೊಟ್ಟ. “ಮೇಡಂ, ಪ್ಲಾಸ್ಟಿಕ್ ಮೇಲೆ ಸೀಲ್ ಹಾಕೋಕಾಗಲ್ಲ.” ಮನೆಗೆ ಬಂದು ಬ್ಲೇಡಿನಿಂದ ಒಂದು ಮೂಲೆ ಬಿಡಿಸಿ ನೋಡಿದೆ. ಪ್ಲಾಸ್ಟಿಕ್ ಜೊತೆ ಅಕ್ಷರವೂ ಎದ್ದು ಬಂತು. ಅಲ್ಲಿಗೇ ನಿಲ್ಲಿಸಿ ಯೂನಿವರ್ಸಿಟಿಗೆ ಡೂಪ್ಲಿಕೇಟ್ ಪ್ರತಿಗೆ ಅರ್ಜಿ ಹಾಕಿದೆ. ಅದು ಕೈಗೆ ಬರಲು ಒಂದೂವರೆ ತಿಂಗಳು ಹಿಡಿಯಿತು.

ಮುಂದಿನದು ಎರಡು ಹಂತ. ಮೊದಲು ರಾಜ್ಯ ಸರ್ಕಾರದ ಅಧಿಕಾರಿ ಸರ್ಟಿಫಿಕೇಟನ್ನು ದೃಢೀಕರಿಸಿ ಸಹಿ, ಸೀಲ್ ಹಾಕುತ್ತಾರೆ. ಆಮೇಲೆ ವಿದೇಶಾಂಗ ಸಚಿವಾಲಯದವರು ಅದರ ಹಿಂಬದಿಗೆ ಚೌಕಾಕಾರದ ಸ್ಟಿಕ್ಕರ್ ಅಂಟಿಸುತ್ತಾರೆ. ಆ ಸ್ಟಿಕ್ಕರೇ ಅಪೋಸ್ಟಿಲ್. ಸಚಿವಾಲಯದ ಶುಲ್ಕ ಒಂದು ಕಾಗದಕ್ಕೆ ಬರೀ 50 ರೂಪಾಯಿ. ಆದರೆ ಅವರು ನೇರವಾಗಿ ನಮ್ಮ ಕೈಯಿಂದ ಕಾಗದ ತೆಗೆದುಕೊಳ್ಳುವುದಿಲ್ಲ, ಅವರು ಗೊತ್ತುಮಾಡಿದ ಏಜೆನ್ಸಿ ಮೂಲಕವೇ ಕೊಡಬೇಕು. ನಾವು ಜಾಸ್ತಿ ದುಡ್ಡು ಕಳೆದುಕೊಳ್ಳುವುದು ನಡುವಿನ ಏಜೆಂಟರಿಗೆ.

ಸ್ಟಿಕ್ಕರ್ ಬಂದ ಮೇಲೆ ಓದಿದೆ. ತಲೆಬರಹದಲ್ಲಿ ಫ್ರೆಂಚ್ ಸಾಲು, ಕೆಳಗೆ ಹತ್ತು ನಂಬರಿನ ಅಂಶಗಳು. ಎರಡನೆಯದು ‘ಯಾರ ಸಹಿ’ ಎಂಬುದು. ಕುಲಪತಿಗಳ ಹೆಸರಿರಬಹುದು ಅಂದುಕೊಂಡಿದ್ದೆ. ಇದ್ದದ್ದು ರಾಜ್ಯದ ಆ ಅಧಿಕಾರಿಯ ಹೆಸರು! ಆಗ ಅರ್ಥವಾಯಿತು: ‘ಈ ಸಹಿ, ಈ ಸೀಲ್ ನಿಜ’ ಎಂದಷ್ಟೇ ಅಪೋಸ್ಟಿಲ್ ಹೇಳುತ್ತದೆ. ನಾನು ಎಷ್ಟು ಓದಿದ್ದೇನೆ, ಡಿಗ್ರಿಗೆ ಅಲ್ಲಿ ಎಷ್ಟು ಬೆಲೆ ಎಂಬುದು ಅದಕ್ಕೆ ಸಂಬಂಧವಿಲ್ಲ. ಸ್ಟಿಕ್ಕರಿನ ನಂಬರ್ ಹಾಕಿ ಯಾರು ಬೇಕಾದರೂ ಸಚಿವಾಲಯದ ವೆಬ್‌ಸೈಟಿನಲ್ಲಿ ಪರೀಕ್ಷಿಸಬಹುದು. ನಾನೂ ನೋಡಿಯೇ ನೆಮ್ಮದಿಯಾದೆ.

ಇದು ನಡೆಯುವುದು 1961ರ ಹೇಗ್ ಒಪ್ಪಂದಕ್ಕೆ ಸೇರಿದ ದೇಶಗಳ ನಡುವೆ. ಭಾರತಕ್ಕೆ ಅದು ಅನ್ವಯವಾದದ್ದು 2005ರಲ್ಲಿ. ದುಬೈಗೆ ಹೊರಟಿದ್ದ ನಮ್ಮ ದೊಡ್ಡಪ್ಪನ ಮಗ ಸುಮ್ನೆ ಅಪೋಸ್ಟಿಲ್ ಮಾಡಿಸಿಕೊಂಡಿದ್ದ. ಯುಎಇ ಆಗ ಆ ಒಪ್ಪಂದಕ್ಕೆ ಸೇರಿರಲಿಲ್ಲ, ಹಾಗಾಗಿ ಅಲ್ಲಿಗೆ ಬೇಕಾಗಿದ್ದದ್ದು ಯುಎಇ ರಾಯಭಾರ ಕಚೇರಿಯ ದೃಢೀಕರಣ.

ನನಗೆ ಇನ್ನೊಂದು ಪೇಚು ಉಳಿದಿತ್ತು. ಡಿಗ್ರಿಯಲ್ಲಿ ನಮ್ಮ ಮನೆಪೆದ, ಅಂದರೆ ಮನೆತನದ ಹೆಸರು, ಬರೀ ಇನಿಷಿಯಲ್; ಪಾಸ್‌ಪೋರ್ಟಿನಲ್ಲಿ ಪೂರ್ತಿ ಹೆಸರು. ಎರಡೂ ಒಬ್ಬಳದೇ ಎಂದು ಅಪೋಸ್ಟಿಲ್ ಹೇಳುವುದಿಲ್ಲ. ಮಡಿಕೇರಿಯಲ್ಲಿ ನೋಟರಿ ಮುಂದೆ ಅಫಿಡವಿಟ್ ಮಾಡಿಸಿದೆ. ಅದೂ ಹೊರದೇಶಕ್ಕೆ ಹೋಗುವ ಕಾಗದವಾದ್ದರಿಂದ ಅದಕ್ಕೂ ರಾಜ್ಯದ ಸೀಲ್, ಅದಕ್ಕೂ ಇನ್ನೊಂದು ಸ್ಟಿಕ್ಕರ್.