ಬದುವಿನ ಹತ್ತು ತೆಂಗು: ಎಳನೀರು ಮಾರಬೇಕಾ, ಕೊಬ್ಬರಿ ಮಾಡಬೇಕಾ?

ಕಲಬುರಗಿ, ಬೀದರ್, ಯಾದಗಿರಿ ಕಡೆ ದೊಡ್ಡ ತೆಂಗಿನ ತೋಟಗಳು ಕಡಿಮೆ. ಆದರೆ ಬಾವಿ ಪಕ್ಕ, ಹೊಲದ ಬದು, ಮನೆ ಹಿತ್ತಲು ಅಂತ ಐದೋ ಹತ್ತೋ ಮರ ಇರುವ ಮನೆಗಳು ಸಾಕಷ್ಟಿವೆ. ಮನೆಗೆ ಬೇಕಾದಷ್ಟು ಇಟ್ಟುಕೊಂಡು, ಉಳಿದದ್ದನ್ನು ಬಂದವರು ಕೇಳಿದ ದರಕ್ಕೆ ಕೊಟ್ಟುಬಿಡುವುದು ರೂಢಿ.

ಇಷ್ಟು ಕಡಿಮೆ ಮರ ಇದ್ದವರಿಗೆ ಮೊದಲ ಆಯ್ಕೆ ಎಳನೀರೇ. ಇಲ್ಲಿನ ರಸ್ತೆ ಬದಿಯಲ್ಲಿ ಸಿಗುವ ಎಳನೀರು ಹೆಚ್ಚಾಗಿ ದೂರದಿಂದ ಲಾರಿಯಲ್ಲಿ ಬರುತ್ತದೆ. ಮಂಡ್ಯ ಜಿಲ್ಲೆಯ ಮದ್ದೂರಿನ ಎಳನೀರು ಮಾರುಕಟ್ಟೆಯಿಂದ ಉತ್ತರದ ಕಡೆಗೆ ಹೋಗುವ ಲೋಡುಗಳನ್ನು ನೀವೂ ಹೆದ್ದಾರಿಯಲ್ಲಿ ನೋಡಿರಬಹುದು. ಆ ಕಾಯಿಯ ಬೆಲೆಯಲ್ಲಿ ಲಾರಿ ಬಾಡಿಗೆ, ಹಮಾಲಿ, ದಾರಿಯಲ್ಲಿ ಕೆಟ್ಟದ್ದು ಎಲ್ಲವೂ ಸೇರಿರುತ್ತದೆ. ನಿಮ್ಮ ಕಾಯಿಗೆ ಆ ಖರ್ಚು ಇಲ್ಲ. ಆದರೆ ಕೊಬ್ಬರಿ ಹಾಗಲ್ಲ. ಒಣಗಿದ ಮಾಲು ತಿಂಗಳುಗಟ್ಟಲೆ ಇರುತ್ತದೆ, ಎಲ್ಲಿಂದ ಬಂದರೂ ಆದೀತು. ಅಲ್ಲಿ ಸಮೀಪ ಇದ್ದೀರಿ ಅನ್ನುವುದರಿಂದ ಹೆಚ್ಚು ಲಾಭವಿಲ್ಲ.

ಮೊದಲು ಗೊನೆ ಎಣಿಸಿ

ಆರೋಗ್ಯವಾಗಿರುವ ತೆಂಗಿನ ಮರ ಸುಮಾರು ತಿಂಗಳಿಗೊಂದು ಹೊಂಬಾಳೆ ಬಿಡುತ್ತದೆ. ಹಾಗಾಗಿ ಒಂದೇ ಮರದಲ್ಲಿ ಬೇರೆ ಬೇರೆ ವಯಸ್ಸಿನ ಗೊನೆಗಳು ಇರುತ್ತವೆ. ಈಗ ತಾನೇ ಒಡೆದ ಹೊಂಬಾಳೆಯನ್ನು ಒಂದು ಅಂತ ಹಿಡಿದು ಕೆಳಕ್ಕೆ ಎಣಿಸುತ್ತಾ ಬನ್ನಿ. ಏಳು, ಎಂಟನೆಯದು ಬಂದಾಗ ಹೂ ಬಿಟ್ಟು ಆರರಿಂದ ಏಳು ತಿಂಗಳು ಆಗಿರುತ್ತದೆ. ಎಳನೀರಿಗೆ ಅದೇ ಸರಿಯಾದ ವಯಸ್ಸು. ನೀರು ಸಿಹಿಯಾಗಿರುತ್ತದೆ, ಒಳಗೆ ತೆಳು ಗಂಜಿ ಕೂತಿರುತ್ತದೆ.

ಎಣಿಕೆ ತಪ್ಪಿತು ಅನಿಸಿದರೆ ಒಂದು ಕಾಯಿ ಕಿತ್ತು ಕಿವಿ ಹತ್ತಿರ ಅಲ್ಲಾಡಿಸಿ. ಸದ್ದು ಬರಲಿಲ್ಲ ಅಂದ್ರೆ ಒಳಗೆ ನೀರು ತುಂಬಿಕೊಂಡಿದೆ ಅಂತ ಅರ್ಥ. ಗುಳುಗುಳು ಅಂದರೆ ಎಳನೀರಿನ ವಯಸ್ಸು ದಾಟಿದೆ, ಆ ಗೊನೆಯನ್ನು ಬಲಿಯಲು ಬಿಟ್ಟುಬಿಡಿ. ಸಿಪ್ಪೆಯ ಮೇಲೆ ಕಂದು ಬಿರುಕು ಇದ್ದರೆ ಅದು ಹೆಚ್ಚಾಗಿ ನುಸಿ ರೋಗದ ಗುರುತು. ನೀರಿನ ರುಚಿಗೆ ಏನೂ ಆಗಿರುವುದಿಲ್ಲ. ಆದರೆ ಕೊಳ್ಳುವವರು ಅದನ್ನೇ ತೋರಿಸಿ ದರ ಇಳಿಸುತ್ತಾರೆ, ಮೊದಲೇ ಬೇರೆ ಇಟ್ಟುಕೊಳ್ಳುವುದು ಒಳ್ಳೆಯದು.

ಬೇಸಿಗೆ ದರ ಬೇಕು ಅನ್ನುವವರು ಇನ್ನೊಂದು ಲೆಕ್ಕ ನೆನಪಿಡಬೇಕು. ಏಪ್ರಿಲ್‌ನಲ್ಲಿ ಕೊಯ್ಯುವ ಗೊನೆ ಸೆಪ್ಟೆಂಬರ್, ಅಕ್ಟೋಬರ್ ಹೊತ್ತಿಗೆ ಅರಳಿದ್ದು. ಮಳೆ ಮುಗಿದ ಮೇಲೆ ಮರಕ್ಕೆ ನೀರು ನಿಲ್ಲಿಸಿದರೆ ಹೀಚು ಉದುರುತ್ತದೆ, ಉಳಿದ ಕಾಯಿ ಸಣ್ಣದಾಗುತ್ತದೆ. ಮಾರ್ಚ್‌ನಲ್ಲಿ ಬಿಸಿಲು ಕಂಡು ಗಾಬರಿಯಾಗಿ ನೀರು ಬಿಟ್ಟರೆ ಆ ಗೊನೆಗೆ ಅದು ತಡವಾಯಿತು.

ಹತ್ತುವವರ ಕೂಲಿ ಲೆಕ್ಕ

ನಮ್ಮ ಕಡೆ ಮರ ಹತ್ತುವವರು ಸಿಗುವುದೇ ಕಷ್ಟ. ಸಿಕ್ಕರೂ ಕೂಲಿ ಮರದ ಲೆಕ್ಕದಲ್ಲಿ, ಗೊನೆ ಲೆಕ್ಕದಲ್ಲಿ ಅಲ್ಲ. ಒಂದು ಗೊನೆ ಇಳಿಸಿದರೂ ಅಷ್ಟೇ, ಎರಡು ಇಳಿಸಿದರೂ ಅಷ್ಟೇ. ಆದ್ದರಿಂದ ತಿಂಗಳಿಗೊಮ್ಮೆ ಹತ್ತಿಸುವ ಬದಲು ಎರಡು ತಿಂಗಳಿಗೊಮ್ಮೆ ಅಕ್ಕಪಕ್ಕದ ಎರಡು ಗೊನೆ ಒಟ್ಟಿಗೆ ಇಳಿಸಿ. ಕಿರಿಯ ಗೊನೆಯಲ್ಲಿ ನೀರು ಜಾಸ್ತಿ, ಹಿರಿಯದರಲ್ಲಿ ಗಂಜಿ ಜಾಸ್ತಿ. ಗಾಡಿಯ ಹತ್ತಿರ "ನೀರಿಂದು ಬೇಕಾ, ಮಲಾಯಿದ್ದು ಬೇಕಾ?" ಅಂತ ಕೇಳ್ತಾರಲ್ಲ, ಎರಡೂ ನಿಮ್ಮ ಹತ್ತಿರ ಇರುತ್ತವೆ.

ಗೊನೆಯನ್ನು ಹಗ್ಗ ಕಟ್ಟಿ ಇಳಿಸಬೇಕು. ಮೇಲಿಂದ ಬೀಳಿಸಿದ ಎಳೆಕಾಯಿ ಹೊರಗೆ ಚೆನ್ನಾಗಿ ಕಂಡರೂ ಒಳಗೆ ಚಿಪ್ಪು ಸೀಳಿರುತ್ತದೆ. ಮರುದಿನ ನೀರು ಹುಳಿ ಬರುತ್ತದೆ, ಗಿರಾಕಿ ಇನ್ನೊಮ್ಮೆ ಬರುವುದಿಲ್ಲ. ತೊಟ್ಟು ಕೀಳದೆ ನೆರಳಲ್ಲಿಟ್ಟು ಮೇಲೆ ಒದ್ದೆ ಗೋಣಿ ಹಾಸಿ. ಬಿಸಿಲಲ್ಲಿ ಬಿಟ್ಟ ಕಾಯಿ ಬೇಗ ಬಾಡುತ್ತದೆ.

ಯಾರಿಗೆ ಮಾರಿದರೆ ಎಷ್ಟು?

ಶಹಾಪುರ ತಾಲ್ಲೂಕಿನ ಒಂದು ಹಳ್ಳಿಯಲ್ಲಿ ಹತ್ತು ಮರ ಇವೆ ಅಂತ ಇಟ್ಟುಕೊಳ್ಳೋಣ. ಮರಕ್ಕೆ ಎರಡು ಗೊನೆ, ಗೊನೆಗೆ ಐದು ಕಾಯಿ. ಒಟ್ಟು 100. ಕೆಳಗಿನ ದರಗಳು ಲೆಕ್ಕ ತೋರಿಸಲು ಹಿಡಿದವು, ನಿಮ್ಮೂರಿನ ದರ ಹಾಕಿ ನೋಡಿಕೊಳ್ಳಿ.

ಗುತ್ತಿಗೆಯವರು ಮರದ ಹತ್ತಿರವೇ ಬರುತ್ತಾರೆ. ಹತ್ತುವುದು, ಸಾಗಿಸುವುದು ಅವರದೇ ಖರ್ಚು. ಕಾಯಿಗೆ 18 ರೂಪಾಯಿ ಒಪ್ಪಂದ ಅಂದುಕೊಳ್ಳಿ. ಎಣಿಸುವಾಗ ಮಾತು ಶುರುವಾಗುತ್ತದೆ: "ಇವು ಸಣ್ಣ ಅವ ರೀ ಗೌಡ್ರ, ಎರಡಕ್ಕ ಒಂದು ಹಿಡೀರಿ." 20 ಕಾಯಿ ಹೀಗೆ ಹತ್ತಾದರೆ ಒಟ್ಟು 90ಕ್ಕೆ ಸಿಗುವುದು 1,620 ರೂಪಾಯಿ. ದರಕ್ಕಿಂತ ಮೊದಲು ಈ ಎಣಿಕೆಯ ಮಾತು ಮುಗಿಸಿಕೊಳ್ಳಿ. ಯಾವ ಅಳತೆಯ ಕಾಯಿ ಸಣ್ಣದು ಅಂತ ಒಂದನ್ನು ಕೈಯಲ್ಲಿ ಹಿಡಿದು ತೋರಿಸಿಯೇ ಒಪ್ಪಂದ ಮಾಡಿಕೊಳ್ಳಬೇಕು.

ಎರಡನೆಯ ದಾರಿ, ಪೇಟೆಯ ತಳ್ಳುಗಾಡಿಯವರಿಗೆ ನೀವೇ ಒಯ್ದು ಕೊಡುವುದು. ಅವರು 25 ರೂಪಾಯಿ ಕೊಡುತ್ತಾರೆ. ಐದು ಕಾಯಿ ಹಾಳಾದವು ಅಂತ ಬಿಟ್ಟರೆ 95ಕ್ಕೆ 2,375. ಹತ್ತುವ ಕೂಲಿ ಮರಕ್ಕೆ 50ರಂತೆ 500, ಗೂಡ್ಸ್ ಆಟೋ 400. ಉಳಿಯುವುದು 1,475. ಕಾಯಿಗೆ ಏಳು ರೂಪಾಯಿ ಜಾಸ್ತಿ ಸಿಕ್ಕಿತು ಅನಿಸುತ್ತದೆ, ಆದರೆ ಕೈಗೆ ಬಂದದ್ದು ಗುತ್ತಿಗೆಗಿಂತ ಕಡಿಮೆ! ಪಕ್ಕದ ಹೊಲದವರ 100 ಕಾಯಿಯೂ ಅದೇ ಆಟೋದಲ್ಲಿ ಬಂದರೆ ನಿಮ್ಮ ಪಾಲಿನ ಬಾಡಿಗೆ 200 ಆಗುತ್ತದೆ, ಉಳಿಕೆ 1,675 ಆಗುತ್ತದೆ. ಈ ದಾರಿ ಇಬ್ಬರು ಮೂವರು ಸೇರಿದರೆ ಮಾತ್ರ ಸರಿ.

ಆಸ್ಪತ್ರೆ ಮುಂದೆಯೋ ಹೆದ್ದಾರಿ ಬದಿಯೋ ನೀವೇ ನಿಂತು ಮಾರಿದರೆ ಕಾಯಿಗೆ 40 ಸಿಗಬಹುದು. 3,800ರಲ್ಲಿ ಕೂಲಿ, ಆಟೋ ಕಳೆದು 2,900. ಆದರೆ 95 ಕಾಯಿ ಖಾಲಿಯಾಗಲು ಎರಡು ದಿನ ಬೇಕಾದರೆ ನಿಮ್ಮ ಎರಡು ದಿನದ ಕೂಲಿ 1,000 ಕಳೆಯಲೇಬೇಕು. 1,900 ಉಳಿಯಿತು. 20 ಕಾಯಿ ಮಾರದೆ ಉಳಿದರೆ 800 ಹೋಗಿ 1,100ಕ್ಕೆ ಬರುತ್ತದೆ. ಮೋಡ ಕವಿದ ಒಂದೇ ದಿನ ಸಾಕು, ಹಾಗಾಗುವುದಕ್ಕೆ.

ನನಗೆ ಸರಿ ಅನಿಸುವುದು ನಾಲ್ಕನೆಯ ದಾರಿ: ಮೊದಲು ಆರ್ಡರ್, ಆಮೇಲೆ ಮರ. ಪೇಟೆಯ ಒಂದು ಕಾಲೊನಿ ಆರಿಸಿಕೊಳ್ಳಿ. ಅಲ್ಲಿ ನಿಮ್ಮ ಬೀಗರೋ ಪರಿಚಯದವರೋ ಯಾರಾದರೂ ಇದ್ದೇ ಇರುತ್ತಾರೆ, ಅಲ್ವಾ? ಕೊಯ್ಯುವ ನಾಲ್ಕು ದಿನ ಮೊದಲು ಅವರ ವಾಟ್ಸಾಪ್ ಗುಂಪಿಗೆ ಗೊನೆಯ ಫೋಟೊ, ದರ, ತರುವ ದಿನ ಹಾಕಿಸಿ. ಮನೆಗೆ ಕನಿಷ್ಠ ಐದು ಕಾಯಿ, ದರ 35. ರಸ್ತೆಗಿಂತ ಐದು ರೂಪಾಯಿ ಕಡಿಮೆ ಇರುವುದರಿಂದ ಅವರಿಗೂ ಲಾಭ. 95ಕ್ಕೆ 3,325, ಖರ್ಚು 900 ಕಳೆದು 2,425. ಬೆಳಗಿನ ಅರ್ಧ ದಿನದ ಕೂಲಿ 250 ಹಿಡಿದರೂ 2,175 ಉಳಿಯುತ್ತದೆ. ಎಷ್ಟಕ್ಕೆ ಆರ್ಡರ್ ಬಂತೋ ಅಷ್ಟೇ ಇಳಿಸಿ. ಉಳಿದ ಗೊನೆ ಮರದ ಮೇಲಿದ್ದರೆ ಹಾಳಾಗುವುದಿಲ್ಲ.

ಇದರಲ್ಲಿ ಒಂದೇ ತೊಡಕು. ಮನೆಯಲ್ಲಿ ಕಾಯಿ ಕೆತ್ತುವವರು ಯಾರು? ಕೊಯ್ತಾ ಹಿಡಿದು ಅಭ್ಯಾಸ ಇಲ್ಲದವರು ಎರಡನೇ ಸಲ ತರಿಸುವುದಿಲ್ಲ. ಅದಕ್ಕೇ ಒಯ್ಯುವ ದಿನ ಬೆಳಿಗ್ಗೆ ತಲೆಭಾಗವನ್ನು ಚಿಪ್ಪು ಕಾಣುವವರೆಗೆ ಕೆತ್ತಿ ಕೊಡಿ, ತೂತು ಮಾಡಬೇಡಿ. ಅಡುಗೆ ಮನೆಯ ಚಾಕುವಿನಿಂದಲೇ ತೆರೆಯಬಹುದು. ಕೆತ್ತಿದ ಜಾಗ ಬೇಗ ಕಂದಾಗುತ್ತದೆ, ಅವತ್ತೇ ಕುಡಿಯಲು ಹೇಳಿ.

ರಮ್ಜಾನ್ ತಿಂಗಳಲ್ಲಿ ಮತ್ತು ಜಾತ್ರೆ ದಿನಗಳಲ್ಲಿ ಆರ್ಡರ್ ಸುಲಭ. ಜೋರು ಮಳೆಗಾಲದಲ್ಲಿ ಗುತ್ತಿಗೆಯವರು ಬಂದರೆ ಸುಮ್ನೆ ಕೊಟ್ಟುಬಿಡಿ.

ಬಲಿತ ಕಾಯಿ: ಉಡಿಗೆ ಬಟ್ಟಲು

ವಯಸ್ಸು ದಾಟಿದ ಗೊನೆಯನ್ನು 11–12 ತಿಂಗಳವರೆಗೆ ಬಲಿಯಲು ಬಿಡಿ. ಕೊಬ್ಬರಿ ಅಂದ ಕೂಡಲೇ ತಿಪಟೂರು ನೆನಪಾಗುತ್ತದೆ. ಆದರೆ ಅಲ್ಲಿನ ಉಂಡೆ ಕೊಬ್ಬರಿಗೆ ಇಡೀ ಕಾಯಿಯನ್ನು ಅಟ್ಟದ ಮೇಲೆ ವರ್ಷದ ಹತ್ತಿರ ಇಡಬೇಕು, ವ್ಯಾಪಾರ ಕ್ವಿಂಟಲ್ ಲೆಕ್ಕದಲ್ಲಿ ನಡೆಯುತ್ತದೆ. 2025ರ ಹಂಗಾಮಿಗೆ ಕೇಂದ್ರ ಸರ್ಕಾರ ಉಂಡೆ ಕೊಬ್ಬರಿಗೆ ಕ್ವಿಂಟಲಿಗೆ 12,100 ರೂಪಾಯಿ ಬೆಂಬಲ ಬೆಲೆ ಇಟ್ಟಿತ್ತು. ಒಂದು ಕ್ವಿಂಟಲಿಗೆ 700ರಷ್ಟು ಕಾಯಿ ಬೇಕು. ಹತ್ತು ಮರದವರಿಗೆ ಅದು ಇಡೀ ವರ್ಷದ ಫಸಲು.

ನಮ್ಮಲ್ಲಿ ಬೇಡಿಕೆ ಇರುವುದು ಬಟ್ಟಲಿಗೆ. ಉಡಿ ತುಂಬಲು ಅಕ್ಕಿ, ಅರಿಶಿನ ಕೊಂಬು, ಉತ್ತತ್ತಿ ಜೊತೆ ಕೊಬ್ಬರಿ ಬಟ್ಟಲು ಬೇಕೇ ಬೇಕು. ಅದು ಒಡೆದಿರಬಾರದು, ಬೆಳ್ಳಗಿರಬೇಕು. ಕಾಯಿಯನ್ನು ಸರಿಯಾಗಿ ನಡುವೆ ಎರಡು ಹೋಳು ಮಾಡಿ, ಬಾಯಿ ಮೇಲಾಗಿ ಬಿಸಿಲಿಗಿಡಿ. ಎರಡು ಮೂರು ದಿನಕ್ಕೆ ತಿರುಳು ಚಿಪ್ಪು ಬಿಡುತ್ತದೆ. ಬಿಡಿಸಿಕೊಂಡು ಮತ್ತೆ ನಾಲ್ಕೈದು ದಿನ ಒಣಗಿಸಿ, ಸಂಜೆ ಒಳಗೆ ತನ್ನಿ. ಮೊದಲ ದಿನವೇ ಅಕಾಲಿಕ ಮಳೆ ಬಿದ್ದು ನೆನೆದರೆ ಬೂಸ್ಟು ಖಚಿತ, ಆದ್ದರಿಂದ ಮೋಡ ಇದ್ದ ದಿನ ಕಾಯಿ ಒಡೆಯಲೇಬೇಡಿ.

ಒಣಗಿತೋ ಇಲ್ಲವೋ ತಿಳಿಯಲು ನಾಲ್ಕು ಬಟ್ಟಲಿಗೆ ಗುರುತು ಮಾಡಿ ದಿನವೂ ಒಂದೇ ಹೊತ್ತಿಗೆ ತೂಗಿ. ಹಸಿ ತಿರುಳಿನ ತೂಕ ಸುಮಾರು ಅರ್ಧಕ್ಕೆ ಇಳಿದು, ಎರಡು ದಿನ ಅಲ್ಲೇ ನಿಂತರೆ ಆಯಿತು. ಮುರಿದರೆ ಟಪ್ ಅನ್ನಬೇಕು, ಬಾಗಬಾರದು. ಮದುವೆ ಹಂಗಾಮಿಗೆ ಮುಂಚೆ ನಾಲ್ಕು ಬಟ್ಟಲು ಮಾದರಿಗೆ ಹಿಡಿದುಕೊಂಡು ಕಿರಾಣಿ ಅಂಗಡಿಗೆ ಹೋಗಿ. ಚೆಂದದ ಬಟ್ಟಲಿಗೆ ಒಂದೊಂದರ ಲೆಕ್ಕದಲ್ಲಿ ದರ ಕೇಳಿ, ಒಡೆದದ್ದನ್ನು ತೂಕಕ್ಕೆ ಹಾಕಿ.

ಎಣ್ಣೆ ಯಾವಾಗ?

ಒಡೆದ ಬಟ್ಟಲು ಜಾಸ್ತಿ ಉಳಿದಾಗ, ಅದೂ ಮೊದಲು ಮನೆ ಬಳಕೆಗೆ. 100 ಕಾಯಿಗೆ ಸುಮಾರು 14 ಕಿಲೊ ಕೊಬ್ಬರಿ, ಅದರಿಂದ 8 ಕಿಲೊ ಎಣ್ಣೆ. ಕಾಯಿ ಸಣ್ಣದಿದ್ದರೆ ಇನ್ನೂ ಕಡಿಮೆ. ಇಲ್ಲಿನ ಗಾಣಗಳು ಶೇಂಗಾ, ಕುಸುಬೆ ಹಾಕುವಂಥವು. ಒರೆಸಿ ಶುರು ಮಾಡಿಸಿ, ಮೊದಲು ಬಂದ ಎಣ್ಣೆಯನ್ನು ಬೇರೆ ಹಿಡಿಯಿರಿ, ಇಲ್ಲದಿದ್ದರೆ ಶೇಂಗಾ ವಾಸನೆ ಬರುತ್ತದೆ. ಒಳಗೆಲ್ಲ ಕಪ್ಪು, ಹಳದಿ ಬೂಸ್ಟು ಹಿಡಿದ ಹೋಳನ್ನು ಗಾಣಕ್ಕೆ ಹಾಕಲೇಬಾರದು.

ಮಾರುವುದಾದರೆ ತಿನ್ನುವ ಎಣ್ಣೆಯನ್ನು ಬಿಡಿಯಾಗಿ ಅಳೆದು ಕೊಡುವಂತಿಲ್ಲ. ಆಹಾರ ಸುರಕ್ಷತಾ ನೋಂದಣಿ ಮಾಡಿಸಿ, ಸೀಲ್ ಮಾಡಿದ ಬಾಟಲಿಗೆ ತೂಕ, ತಾರೀಖು, ದರ, ನೋಂದಣಿ ಸಂಖ್ಯೆ ಇರುವ ಲೇಬಲ್ ಹಚ್ಚಬೇಕು. ಎಂಟು ಕಿಲೊಗೆ ಇಷ್ಟೆಲ್ಲ ಬೇಕಾ ಅಂತ ನೀವೇ ಲೆಕ್ಕ ಹಾಕಿ. ಬಾಟಲಿ ಕೊಳ್ಳುವುದಾದರೆ ಅಗಲ ಬಾಯಿಯದ್ದೇ ತನ್ನಿ. ಡಿಸೆಂಬರ್ ಚಳಿಗೆ ಬೀದರಿನಲ್ಲಿ ಕೊಬ್ಬರಿ ಎಣ್ಣೆ ಗಟ್ಟಿಯಾಗುತ್ತದೆ, ಆಗ ಚಮಚ ಒಳಗೆ ಹೋಗಬೇಕು.