‘ಗ್ರೈಂಡ್’ ಎಂದರೆ ರುಬ್ಬುವುದೋ ಪುಡಿ ಮಾಡುವುದೋ? ಒಂದು ಮಿಕ್ಸಿಯ ವಿವರಣೆ ಬರೆದ ನನ್ನ ಅನುಭವ

ಅಡುಗೆಮನೆ ಸಾಮಾನುಗಳನ್ನು ಆನ್‌ಲೈನಿನಲ್ಲಿ ಮಾರುವ ಒಬ್ಬ ವ್ಯಾಪಾರಿಗೆ ನಾನು ಕನ್ನಡ ವಿವರಣೆಗಳನ್ನು ಬರೆದುಕೊಡುತ್ತೇನೆ. ಶುರುವಿನಲ್ಲಿ ನನ್ನ ಕೈಗೆ ಬಂದದ್ದು 750 ವ್ಯಾಟಿನ, ಮೂರು ಜಾರ್‌ಗಳ ಒಂದು ಮಿಕ್ಸಿ. ಇಂಗ್ಲಿಷಿನಲ್ಲಿ ಹದಿನೈದು ಸಾಲು ಇತ್ತು. ಒಂದು ಗಂಟೆಯಲ್ಲಿ ಮುಗಿಸಿ ಕಳಿಸಿದೆ. ಅದರ ಮೊದಲ ವಾಕ್ಯ ಹೀಗಿತ್ತು: “ಶಕ್ತಿಯುತ 750 ವ್ಯಾಟ್ ಮೋಟರ್ ಅನ್ನು ಹೊಂದಿರುವ ಈ ಮಿಕ್ಸರ್ ಗ್ರೈಂಡರ್ ಅತ್ಯಂತ ಕಠಿಣ ಪದಾರ್ಥಗಳನ್ನು ಸಹ ಸಲೀಸಾಗಿ ಪುಡಿಮಾಡಲು ವಿನ್ಯಾಸಗೊಳಿಸಲಾಗಿದೆ.”

ನನಗೇನೂ ತಪ್ಪು ಕಾಣಲಿಲ್ಲ. ಮನೆಯಲ್ಲಿ ಅತ್ತಿಗೆಗೆ ಓದಿ ಹೇಳಿದೆ. ಅವರ ತವರು ಧಾರವಾಡ. ಕೇಳಿದ ಮೇಲೆ ಒಂದೇ ಪ್ರಶ್ನೆ: “ಹಂಗಾರ ದೋಸೆ ಹಿಟ್ಟು ಆಗೂದಿಲ್ಲೇನು ಇದರಾಗ?”

ಆಗ ತಲೆಗೆ ಹೋಯಿತು. ಇಂಗ್ಲಿಷಿನ ‘ಗ್ರೈಂಡ್’ ಒಂದೇ ಪದದಲ್ಲಿ ನಮ್ಮ ಅರ್ಧ ಡಜನ್ ಕೆಲಸಗಳನ್ನು ಮುಗಿಸಿಬಿಡುತ್ತದೆ. ನೆನೆಸಿದ ಅಕ್ಕಿ, ಉದ್ದನ್ನು ನಾವು ರುಬ್ಬುತ್ತೇವೆ. ಹುರಿದ ಕೊತ್ತಂಬರಿ ಬೀಜ, ಮೆಣಸನ್ನು ಪುಡಿ ಮಾಡುತ್ತೇವೆ. ರಾಗಿ, ಗೋಧಿಯನ್ನು ಬೀಸುತ್ತೇವೆ, ಅದೂ ಗಿರಣಿಗೆ ಕೊಟ್ಟು. ಶುಂಠಿ, ಬೆಳ್ಳುಳ್ಳಿಯನ್ನು ಜಜ್ಜುತ್ತೇವೆ. ನಾನು ‘ಪುಡಿಮಾಡಲು’ ಎಂದು ಬರೆದಾಗ ಓದಿದವರಿಗೆ ಈ ಮಿಕ್ಸಿ ಒಣ ಸಾಮಾನಿಗೆ ಮಾತ್ರ ಎನಿಸಿತು. ಅದರಲ್ಲಿ ಅವರ ತಪ್ಪೇನಿಲ್ಲ, ನಾನು ಬರೆದದ್ದೇ ಹಾಗೆ. ‘ಮಿಕ್ಸರ್ ಗ್ರೈಂಡರ್’ ಎಂಬ ಹೆಸರೂ ತೊಡಕು ತಂದಿತ್ತು. ನಮ್ಮಲ್ಲಿ ಗ್ರೈಂಡರ್ ಎಂದರೆ ಕಲ್ಲು ತಿರುಗುವ, ಹಿಟ್ಟು ರುಬ್ಬುವ ಯಂತ್ರ. ಇದು ಮಿಕ್ಸಿ. ಅಂಗಡಿಯಲ್ಲಿ ಯಾರೂ “ಮಿಕ್ಸರ್ ಗ್ರೈಂಡರ್ ತೋರಿಸಿ” ಎನ್ನುವುದಿಲ್ಲ. ಶೀರ್ಷಿಕೆಯಲ್ಲಿ ‘ಮಿಕ್ಸಿ’ ಮುಂದೆ ಬಂತು, ಕಂಪನಿಯ ಪದವನ್ನು ಕೊನೆಗೆ ತಳ್ಳಿದೆ.

ಹಾಗಂತ ‘ರುಬ್ಬು’ ಎಂದ ಮಾತ್ರಕ್ಕೆ ಎಲ್ಲ ಊರಿಗೂ ಸರಿಹೋಗುತ್ತದೆಯೇ? ಉಡುಪಿ ಕಡೆಯ ಗೆಳತಿಯ ಮನೆಯಲ್ಲಿ ಮಸಾಲೆ ಅರೆಯುತ್ತಾರೆ, ಅವರ ಹಳೇ ರುಬ್ಬುಕಲ್ಲಿಗೆ ಕಡೆಯುವ ಕಲ್ಲು ಎಂದು ಹೆಸರು. ಮೈಸೂರಿನವರಿಗೆ ಕಡೆಯುವುದು ಎಂದರೆ ಮಜ್ಜಿಗೆ. ಎಲ್ಲರ ಮಾತನ್ನೂ ಒಂದೇ ವಾಕ್ಯಕ್ಕೆ ತುರುಕಲು ಹೋದರೆ ಅದು ನಿಘಂಟಾಗುತ್ತದೆ. ಹಾಗಾಗಿ ಕ್ರಿಯಾಪದ ಬಿಟ್ಟು ತಿಂಡಿಯ ಹೆಸರು ಹಿಡಿದೆ. “ದೋಸೆ ಹಿಟ್ಟು, ತೆಂಗಿನಕಾಯಿ ಮಸಾಲೆ, ಸಾರಿನ ಪುಡಿ, ಶೇಂಗಾ ಹಿಂಡಿ, ಜ್ಯೂಸ್ ಎಲ್ಲಕ್ಕೂ ಇದೊಂದೇ ಮಿಕ್ಸಿ.” ಅರೆಯುವವರು ಅರೆಯಲಿ, ರುಬ್ಬುವವರು ರುಬ್ಬಲಿ, ಪಾತ್ರೆಗೆ ಬೀಳುವುದು ಏನೆಂದು ಎಲ್ಲರಿಗೂ ಗೊತ್ತಾಯಿತಲ್ಲ.

‘ಅತ್ಯಂತ ಕಠಿಣ ಪದಾರ್ಥಗಳು’ ಎನ್ನುವುದು ಇನ್ನೊಂದು ತಲೆನೋವು. ಪದಾರ್ಥ ಕಠಿಣವಾಗುವುದಿಲ್ಲ, ಪರೀಕ್ಷೆ ಕಠಿಣವಾಗುತ್ತದೆ. ಪದಾರ್ಥ ಗಟ್ಟಿ ಇರುತ್ತದೆ. ಸರಿ, ಗಟ್ಟಿ ಎಂದರೆ ಯಾವುದು? ಇಂಗ್ಲಿಷಿನಲ್ಲಿ ಹೆಸರಿಲ್ಲದೆ ಜಾರಿಕೊಳ್ಳಬಹುದು, ಕನ್ನಡದಲ್ಲಿ ಓದುವವರ ಮನಸ್ಸಿಗೆ ತಕ್ಷಣ ಬರುವುದು ಅರಿಶಿನದ ಕೊಂಬು. ವ್ಯಾಪಾರಿಗೆ ಫೋನ್ ಮಾಡಿ, “ಅರಿಶಿನದ ಕೊಂಬು ಪುಡಿಯಾಗುತ್ತಾ?” ಎಂದೆ. ಅವರಿಗೂ ಗೊತ್ತಿರಲಿಲ್ಲ. ಗೋಡೌನಿನಲ್ಲೇ ಒಂದು ಮಿಕ್ಸಿ ಬಿಚ್ಚಿ ನೋಡಿದರು. ಇಡೀ ಕೊಂಬು ಹಾಕಿದರೆ ಬ್ಲೇಡಿಗೆ ಸಿಕ್ಕಿ ನಿಂತಿತು, ಜಜ್ಜಿ ಹಾಕಿದಾಗ ಪುಡಿಯಾಯಿತು. “ಅರಿಶಿನದ ಕೊಂಬನ್ನು ಜಜ್ಜಿ ಹಾಕಿದರೆ ಪುಡಿಯಾಗುತ್ತದೆ” ಎಂದೇ ಬರೆದೆ. ಜಜ್ಜುವ ವಿಷಯ ಬರೆದರೆ ಮಾಲು ಹೋಗಲ್ಲ ಎಂದು ಅವರು ಸ್ವಲ್ಪ ಮುಖ ಸಿಂಡರಿಸಿದರು. ನಾನು ಬಿಡಲಿಲ್ಲ. ಬರೆಯದೆ ಬಿಟ್ಟರೆ ಕೊಂಬು ಸಿಕ್ಕಿಕೊಂಡ ಮಿಕ್ಸಿ ವಾಪಸ್ ಬರುವುದು ಅವರ ಗೋಡೌನಿಗೇ.

ಅಳತೆ ಬರೆಯುವಾಗಲೂ ಎಡವಿದೆ. ದೊಡ್ಡ ಜಾರ್ 1.5 ಲೀಟರ್, ಮಧ್ಯದ್ದು 1 ಲೀಟರ್, ಚಟ್ನಿ ಜಾರ್ 400 ಮಿ.ಲೀ. ಈ ಅಂಕಿಗಳನ್ನು ಮುಟ್ಟುವಂತಿಲ್ಲ, ಹಾಗೇ ಇರಬೇಕು. ಆದರೆ ಒಂದೂವರೆ ಲೀಟರ್ ಜಾರ್‌ಗೆ ಒಂದೂವರೆ ಲೀಟರ್ ಹಿಟ್ಟು ತುಂಬಿಸಿದರೆ ಮುಚ್ಚಳದಿಂದ ಉಕ್ಕುತ್ತದೆ. ಅರ್ಧಕ್ಕಿಂತ ಸ್ವಲ್ಪ ಮೇಲಷ್ಟೇ ಹಾಕಬೇಕು. ಓದುವವರಿಗೆ ಅಂದಾಜು ಸಿಗಲಿ ಎಂದು ‘ಒಂದು ಪಾವು ಉದ್ದು’ ಎಂದು ಬರೆದೆ. ಅತ್ತಿಗೆ ಅದನ್ನು ಪಾವಕಿಲೋ ಎಂದುಕೊಂಡರು! ನಮ್ಮ ಪಾವು ಸೇರಿನ ಲೆಕ್ಕದ್ದು, ಅವರ ಪಾವು ತೂಕದ್ದು. ಕೊನೆಗೆ ‘ಲೋಟ’ ಎಂದು ಹಾಕಿದೆ.

ಇಷ್ಟಾದರೂ ನಿಜವಾದ ಪೆಟ್ಟು ತಿಂದದ್ದು ಬೇರೆ ಕಡೆ. ಇಂಗ್ಲಿಷಿನಲ್ಲಿ ‘ಓವರ್‌ಲೋಡ್ ಪ್ರೊಟೆಕ್ಟರ್’ ಎಂದಿತ್ತು. ನಾನು ‘ಅಧಿಕ ಹೊರೆ ರಕ್ಷಣಾ ವ್ಯವಸ್ಥೆ’ ಎಂದು ಬರೆದು ನೆಮ್ಮದಿಯಾಗಿದ್ದೆ. ಹದಿನೈದು ದಿನ ಕಳೆದ ಮೇಲೆ ವ್ಯಾಪಾರಿಯಿಂದ ಫೋನು: “ಮೇಡಂ, ಒಬ್ಬರು ವಾಪಸ್ ಕಳಿಸಿದ್ದಾರೆ. ಹಿಟ್ಟು ರುಬ್ಬುವಾಗ ನಿಂತುಹೋಯ್ತಂತೆ, ಮೋಟರ್ ಸುಟ್ಟಿದೆ ಅಂತಾರೆ.” ಮಿಕ್ಸಿಗೆ ಏನೂ ಆಗಿರಲಿಲ್ಲ. ನೀರು ಕಮ್ಮಿ ಹಾಕಿ ಗಟ್ಟಿ ಹಿಟ್ಟು ರುಬ್ಬಿದ್ದರಿಂದ ಮೋಟರ್ ಮೇಲೆ ಭಾರ ಬಿದ್ದು ಅದು ತಾನಾಗೇ ನಿಂತಿತ್ತು. ಬುಡದಲ್ಲಿರುವ ಕೆಂಪು ಗುಂಡಿ ಒತ್ತಿದ ಕೂಡಲೇ ಓಡಿತು. ಆ ಕೊಳ್ಳುಗರು ನನ್ನ ವಿವರಣೆ ಓದಿದ್ದರು, ಆದರೆ ‘ಅಧಿಕ ಹೊರೆ ರಕ್ಷಣಾ ವ್ಯವಸ್ಥೆ’ಯಿಂದ ಅವರಿಗೆ ಗುಂಡಿ ಎಲ್ಲಿದೆ ಎಂದು ಹೊಳೆಯುವುದಾದರೂ ಹೇಗೆ? ಹೊಸದಾಗಿ ಹೀಗೆ ಬರೆದೆ: “ಭಾರ ಹೆಚ್ಚಾದರೆ ಮೋಟರ್ ಸುಡದಂತೆ ಮಿಕ್ಸಿ ತಾನಾಗೇ ನಿಲ್ಲುತ್ತದೆ. ಕೆಟ್ಟಿದೆ ಎಂದುಕೊಳ್ಳಬೇಡಿ. ಸ್ವಿಚ್ ಆಫ್ ಮಾಡಿ, ಪ್ಲಗ್ ತೆಗೆದು, ಜಾರ್‌ನಿಂದ ಸ್ವಲ್ಪ ಹಿಟ್ಟು ತೆಗೆಯಿರಿ. ಐದು ನಿಮಿಷ ಆರಲು ಬಿಟ್ಟು, ಬುಡದಲ್ಲಿರುವ ಕೆಂಪು ಗುಂಡಿ ಒತ್ತಿ.” ನಾಲ್ಕು ಪದಗಳಿದ್ದ ಜಾಗಕ್ಕೆ ನಾಲ್ಕು ವಾಕ್ಯ ಬಂದವು.

ಅದರ ಪಕ್ಕದಲ್ಲೇ ‘ಮೋಟರ್ ರೇಟಿಂಗ್ 30 ನಿಮಿಷ’ ಎಂದಿತ್ತು. ‘30 ನಿಮಿಷ ಓಡುತ್ತದೆ’ ಎಂದು ಬರೆದುಬಿಟ್ಟಿದ್ದೆ. ಡಬ್ಬಿಯೊಳಗಿನ ಪುಸ್ತಿಕೆ ತೆರೆದು ನೋಡಿದರೆ 5 ನಿಮಿಷ ಓಡಿಸಿ 2 ನಿಮಿಷ ನಿಲ್ಲಿಸಬೇಕು, ಹಾಗೆ ಆರು ಸಲ. ಒಟ್ಟು ಓಡುವ ಹೊತ್ತು 30 ನಿಮಿಷ, ಒಂದೇ ಸಮನೆ ಅಲ್ಲ. ನನ್ನ ಮಾತು ನಂಬಿ ಯಾರಾದರೂ ಅರ್ಧ ಗಂಟೆ ಓಡಿಸಿದ್ದರೆ ಆಗ ಮೋಟರ್ ನಿಜವಾಗಿಯೇ ಸುಡುತ್ತಿತ್ತೇನೋ. ಅಂದಿನಿಂದ ಪುಸ್ತಿಕೆ ಕೈಯಲ್ಲಿಲ್ಲದೆ ವಿವರಣೆ ಮುಟ್ಟುವುದಿಲ್ಲ.

ಉಳಿದದ್ದು ಸುಲಭ. ‘ಸ್ಟೇನ್‌ಲೆಸ್ ಸ್ಟೀಲ್’ ಸ್ಟೀಲ್ ಆಯಿತು. ‘ತುಕ್ಕುರಹಿತ ಉಕ್ಕು’ ಎಂದು ಬರೆದರೆ ಜನ ಕಬ್ಬಿಣದ ಅಂಗಡಿಗೆ ಬಂದಂತೆ ನೋಡುತ್ತಾರೆ. ‘ಹೊಂದಿದೆ’ ಎಂಬ ಪದ ಐದು ಕಡೆ ಇತ್ತು, ಐದೂ ‘ಇದೆ’ ಆದವು. ವಾರಂಟಿ ವಾರಂಟಿಯಾಗೇ ಉಳಿಯಿತು, ಮಿಕ್ಸಿಗೆ 2 ವರ್ಷ, ಮೋಟರಿಗೆ 5 ವರ್ಷ ಎಂದು ಬಿಡಿಸಿ ಬರೆದೆ. ಬರೀ ‘5 ವರ್ಷ’ ಎಂದರೆ ಜಾರ್ ಒಡೆದರೂ ಬದಲಿಸಿಕೊಡುತ್ತಾರೆ ಎಂದುಕೊಳ್ಳುವವರಿದ್ದಾರೆ.

ಒಂದು ಪದಕ್ಕೆ ಮಾತ್ರ ಇವತ್ತಿಗೂ ನನ್ನ ಹತ್ತಿರ ಕನ್ನಡವಿಲ್ಲ, ‘ಪಲ್ಸ್’. ಗುಂಡಿಯನ್ನು ಎಡಕ್ಕೆ ತಿರುಗಿಸಿ ಹಿಡಿಯುತ್ತೇವಲ್ಲ, ಅದು. ‘ನಾಡಿ’ ಎಂದು ಹಿಂದೆ ಬರೆದವರು ಯಾರೋ ಇದ್ದರು, ವೈದ್ಯರ ಮನೆಯ ಮಿಕ್ಸಿ ಅನ್ನಿಸಿತು. ನಾನು “ಎಡಕ್ಕೆ ತಿರುಗಿಸಿ ಹಿಡಿದಷ್ಟು ಹೊತ್ತು ಓಡುತ್ತದೆ, ಕೈ ಬಿಟ್ಟರೆ ನಿಲ್ಲುತ್ತದೆ, ಚಟ್ನಿ ತರಿತರಿಯಾಗಿ ಬೇಕಿದ್ದರೆ ಇದನ್ನು ಬಳಸಿ” ಎಂದು ಬರೆದು ಕೊಟ್ಟೆ. ಆ ಸಾಲಿಗೆ ಇಷ್ಟು ಜಾಗ ಇಲ್ಲ ಮೇಡಂ ಎಂದರು ವ್ಯಾಪಾರಿ. ಕೆಳಗಿದ್ದ ‘ಆಕರ್ಷಕ ವಿನ್ಯಾಸ’ ತೆಗೆದುಹಾಕಿ, ಜಾಗ ಸಿಗುತ್ತದೆ ಎಂದೆ.