ಐದಾರು ಮಳೆಗಾಲ ದಾಟಿದ ಸೆಟಪ್ ಕೀ: ನನ್ನ ಅನುಭವ

ಕಾಸರಗೋಡಿನ ಮಳೆಗೆ ಕಾಗದ ಬಾಳುವುದಿಲ್ಲ, ಎರಡು ಹಂತದ ಲಾಗಿನ್‌ಗೆ ಬೇಕಾದ ಕೀ, ಕೋಡುಗಳ ಫೋಟೋ ತೆಗೆದು ಫೋನಿನಲ್ಲೇ ಇಡುವುದು ಜಾಣತನ ಎಂದು ಬದಿಯಡ್ಕ, ಕುಂಬಳೆ ಕಡೆಯ ಗೆಳೆಯರು ಹೇಳುತ್ತಲೇ ಇದ್ದರು. ಈಚೆಗೆ ಫೋನಿನ ಬೋರ್ಡೇ ಹೋಯಿತು. ಫೋಟೋ ಇದ್ದಿದ್ದರೆ ಅದೂ ಜೊತೆಗೇ ಹೋಗುತ್ತಿತ್ತು. ಐದಾರು ಮಳೆಗಾಲ ಕಂಡ ಕಾಗದ ನೋಡಿಕೊಂಡು, ಲಾಗಿನ್ ಕೋಡು ತೋರಿಸುವ ಆಥೆಂಟಿಕೇಟರ್ ಆ್ಯಪಿಗೆ ಹೊಸ ಫೋನಿನಲ್ಲಿ ಸೆಟಪ್ ಕೀ ಹಾಕಿದೆ, ಸುಮಾರು ಅರ್ಧ ಗಂಟೆಯಲ್ಲಿ ಎಲ್ಲ ಖಾತೆಗಳೂ ತೆರೆದವು. ಫೋನಿಲ್ಲದಾಗ ಒಳಹೋಗಲೆಂದು ಇರುವ ಬ್ಯಾಕಪ್ ಕೋಡ್ ಒಂದೂ ಖರ್ಚಾಗಲಿಲ್ಲ.

ಹೆಚ್ಚಿನವರು ಬ್ಯಾಕಪ್ ಕೋಡ್ ಮಾತ್ರ ಬರೆದಿಡುತ್ತಾರೆ. ನಾನು ಮೊದಲು ಬರೆದಿಡುವುದು ಸೆಟಪ್ ಕೀ. ಗೂಗಲ್ ಖಾತೆಗೆ ಆಥೆಂಟಿಕೇಟರ್ ಸೇರಿಸುವಾಗ ಕ್ಯೂಆರ್ ಚಿತ್ರ ಬಂದರೆ, ಅದರ ಕೆಳಗಿನ Can't scan it? ಒತ್ತಿದರೆ ನಾಲ್ಕು ನಾಲ್ಕರ ಗುಂಪಿನಲ್ಲಿ 32 ಅಕ್ಷರದ ಆ ಕೀ ಕಾಣುತ್ತದೆ. ಅದು ಕೈಯಲ್ಲಿದ್ದರೆ ಯಾವ ಫೋನಿನಲ್ಲಿ ಬೇಕಾದರೂ ಲಾಗಿನ್‌ಗೆ ಬೇಕಾದ ಅದೇ ಆರಂಕಿಯ ಕೋಡು ಬರುತ್ತದೆ. ಬ್ಯಾಕಪ್ ಕೋಡ್ ಹತ್ತೇ ಇರುವುದು, ಒಂದೊಂದೂ ಒಂದೇ ಸಲಕ್ಕೆ.

ಬರೆಯುವಾಗ ಎಲ್ಲವನ್ನೂ ದೊಡ್ಡಕ್ಷರದಲ್ಲಿ ಬರೆಯಿರಿ. ಈ ಕೀಯಲ್ಲಿ A ಯಿಂದ Z ಮತ್ತು 2 ರಿಂದ 7 ಮಾತ್ರ ಬರುತ್ತವೆ. 0, 1, 8, 9 ಇರುವುದೇ ಇಲ್ಲ. ಹಾಗಾಗಿ ದುಂಡಗಿನದು ಯಾವಾಗಲೂ O. ಗೊಂದಲ ಉಳಿಯುವುದು S–5, Z–2, G–6 ಜೋಡಿಗಳಲ್ಲಿ. ಒಂದಕ್ಷರ ತಪ್ಪಿದರೆ ಆ್ಯಪ್ ತಕರಾರು ಮಾಡದೆ ಆರಂಕಿ ತೋರಿಸುತ್ತಲೇ ಇರುತ್ತದೆ, ಆದರೆ ಅದು ಬೇರೆಯೇ ಅಂಕಿ. ತಪ್ಪು ಗೊತ್ತಾಗುವುದು ವರ್ಷಗಳ ಮೇಲೆ, ಫೋನು ಹೋದ ದಿನ.

ಅದಕ್ಕೆ ನನ್ನ ಕ್ರಮ ಹೀಗೆ. ಮೊದಲ ಫೋನಿನಲ್ಲಿ ಕ್ಯೂಆರ್ ಸ್ಕ್ಯಾನ್. ಎರಡನೆಯ ಫೋನಿಗೆ Enter a setup key ಒತ್ತಿ, ಪರದೆ ನೋಡದೆ ಕಾಗದ ಮಾತ್ರ ನೋಡಿ ಟೈಪ್ ಮಾಡುವುದು, Time based ಇಡುವುದು. ಎರಡರಲ್ಲೂ ಒಂದೇ ಅಂಕಿ ಬಂದರೆ ಕಾಗದ ಸರಿ. ಆಮೇಲೆಯೇ ಪರದೆಯಲ್ಲಿ ಕೋಡ್ ಕೊಟ್ಟು ಮುಗಿಸುತ್ತೇನೆ. ಎರಡನೆಯ ಫೋನಿಲ್ಲದವರು ಲಿನಕ್ಸ್ ಕಂಪ್ಯೂಟರಿನಲ್ಲಿ oathtool ಹಾಕಿಕೊಂಡು ನೋಡಬಹುದು. ಕೆಳಗಿನ ಕಮಾಂಡ್ ಕೊಟ್ಟು, ಮುಂದಿನ ಸಾಲಿನಲ್ಲಿ ಕೀ ಕೊಟ್ಟರೆ ಅದು ಕಮಾಂಡ್ ಹಿಸ್ಟರಿಯಲ್ಲಿ ಉಳಿಯುವುದಿಲ್ಲ:

```
oathtool --totp -b -
```

ಅಂಕಿ ಹೊಂದದಿದ್ದರೆ ಕಾಗದ ತಿದ್ದುವ ಮೊದಲು ಗಡಿಯಾರ ನೋಡಿ. ಕೋಡು 30 ಸೆಕೆಂಡಿಗೊಮ್ಮೆ ಬದಲಾಗುವುದು ಸಮಯದ ಲೆಕ್ಕದಲ್ಲೇ. ನಮ್ಮಲ್ಲಿ ಒಂದು ಫೋನು ಮನೆಯಲ್ಲಿ, ಇನ್ನೊಂದು ದುಬೈಯಲ್ಲಿರುವ ತಮ್ಮನ ಕೈಯಲ್ಲಿ ಇರುವುದು ಸಾಮಾನ್ಯ. ಒಂದೂವರೆ ಗಂಟೆಯ ವ್ಯತ್ಯಾಸವಿದ್ದರೂ ಎರಡರಲ್ಲೂ ಒಂದೇ ಕೋಡು ಬರಬೇಕು, ಯಾಕೆಂದರೆ ಲೆಕ್ಕ ಹಿಡಿಯುವುದು ಎಲ್ಲ ಕಡೆಗೂ ಒಂದೇ ಆದ ಯುಟಿಸಿ ಸಮಯದಿಂದ. ಟೈಮ್ ಝೋನ್ ಹಾಗೇ ಬಿಟ್ಟು ಗಡಿಯಾರವನ್ನು ಮಾತ್ರ ಕೈಯಲ್ಲಿ ತಿರುಗಿಸಿಟ್ಟ ಫೋನು ಮಾತ್ರ ತಪ್ಪುತ್ತದೆ. ಸ್ವಯಂಚಾಲಿತ ಸಮಯ ಹಾಕಿದರೆ ಸರಿಹೋಗುತ್ತದೆ.

ಕಾಗದದ ಮೇಲೂ ಕೆಲವು ಪ್ರಯೋಗ ನಡೆಸಿದ್ದೇನೆ. ಅಂಗಡಿ ಬಿಲ್ಲಿನ ಥರ್ಮಲ್ ಕಾಗದ ಒಂದೆರಡು ವರ್ಷದಲ್ಲಿ ಮಾಸಿತು. ಇಂಕ್‌ಜೆಟ್ ಪ್ರಿಂಟೂ ಜೆಲ್ ಪೆನ್ನೂ ತೇವಕ್ಕೆ ಹರಡಿದವು. ಲೇಸರ್ ಪ್ರಿಂಟು ಗಟ್ಟಿ, ಆದರೆ ಮೆತ್ತನೆಯ ಪ್ಲಾಸ್ಟಿಕ್ ಕವರಿನಲ್ಲಿ ಟೋನರು ಕವರಿಗೇ ಅಂಟಿಕೊಂಡಿತು. ಇಪ್ಪತ್ತು ಮೂವತ್ತು ರೂಪಾಯಿ ಕೊಟ್ಟು ಲ್ಯಾಮಿನೇಷನ್ ಮಾಡಿಸಿದ್ದು, ಅಂಚನ್ನು ಕಾಗದಕ್ಕೆ ಸಮನಾಗಿ ಕತ್ತರಿಸಿದ ಕಡೆಯಿಂದ ನೀರು ಹೀರಿ ಒಳಗೇ ಬೂಸ್ಟು ಹಿಡಿಯಿತು. ಉಳಿದದ್ದು ದಪ್ಪ ಕಾಗದದ ಮೇಲೆ ಪೆನ್ಸಿಲಿನಲ್ಲಿ ಬರೆದದ್ದು. ಅದನ್ನು ಜಿಪ್ ಕವರಿನಲ್ಲಿ ಹಾಕಿ, ಸಿಲಿಕಾ ಜೆಲ್ ಪೊಟ್ಟಣದ ಜೊತೆ ಗೆದ್ದಲು ಮುಟ್ಟದ ಸ್ಟೀಲ್ ಡಬ್ಬಿಯಲ್ಲಿ ಇಟ್ಟಿದ್ದೇನೆ. ಡಬ್ಬಿ ಸೇರಿ ಇನ್ನೂರು ರೂಪಾಯಿ ಆಗಿರಬಹುದು. ಇನ್ನೊಂದು ಪ್ರತಿ ಬೇರೆ ಮನೆಯಲ್ಲಿದೆ.

ಕಾಗದದಲ್ಲಿ ಪಾಸ್‌ವರ್ಡಾಗಲಿ ಖಾತೆಯ ಪೂರ್ತಿ ಹೆಸರಾಗಲಿ ಬೇಡ, ಗುರುತು ಸಾಕು. ಕೀಯ ಸಾಲಿನಲ್ಲಿ ನಾನು ಇನ್ನೊಂದು ಸಣ್ಣ ಬದಲಾವಣೆ ಮಾಡಿಡುತ್ತೇನೆ; ಅದೇನೆಂದು ಬರೆದರೆ ಪ್ರಯೋಜನವೇ ಹೋಗುತ್ತದೆ, ನಿಮ್ಮದನ್ನು ನೀವೇ ಕಂಡುಕೊಳ್ಳಿ.

ತಾರೀಖು ಮಾತ್ರ ಕಡ್ಡಾಯ. ಹೊಸ ಬ್ಯಾಕಪ್ ಕೋಡ್ ತೆಗೆದ ಕ್ಷಣ ಹಳೆಯ ಹತ್ತೂ ಸತ್ತವು. ಖಾತೆಯಲ್ಲಿ ಆಥೆಂಟಿಕೇಟರ್ ಬದಲಿಸಿದರೆ ಹಳೆಯ ಕೀ ಕೂಡ ಹಾಗೆಯೇ. ಹಳೆಯ ಕಾಗದವನ್ನು ಆಗಲೇ ಸುಟ್ಟುಬಿಡಿ, ಎರಡನೆಯ ಮನೆಯ ಪ್ರತಿಯನ್ನೂ ಸೇರಿಸಿ. ಮಳೆ ನಿಂತ ಮೇಲೆ ಡಬ್ಬಿ ತೆಗೆದು ಒಂದು ಕೀಯನ್ನು ಹಳೆಯ ಫೋನಿಗೆ ಹಾಕಿ ಅಂಕಿ ಹೊಂದುತ್ತದೆಯೇ ನೋಡುತ್ತೇನೆ. ಹೊಂದಿದರೆ ಅದನ್ನು ಆ ಫೋನಿನಿಂದ ಅಳಿಸುತ್ತೇನೆ.